ಕೌದಿ ಬೆನ್ನ ಹಿಂದೆ, ಮೈಕು ಒಂದು ಗೇಣು ಮುಂದೆ: ಮನೆಯಲ್ಲೇ ಶುಭ್ರವಾದ ಧ್ವನಿಮುದ್ರಣ

ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ವಿಜಯಪುರದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಇದ್ದಾರೆ. ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಬಹಳ ವರ್ಷ ಪಾಠ ಹೇಳಿದವರಾದ್ದರಿಂದ ನಾವೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತೇವೆ. ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಬಾರದ ಇಲ್ಲಿನ ಮಕ್ಕಳಿಗಾಗಿ ಕಥೆಗಳನ್ನು ಓದಿ ಮುದ್ರಿಸಿ ಕೊಡಬೇಕೆಂದು ಅವರು ಒಂದು ಯುಎಸ್‌ಬಿ ಮೈಕು ಕೊಂಡರು. ಮೊದಲ ಕಥೆಯನ್ನು ನನಗೆ ಕೇಳಿಸಿದಾಗ ಓದು ಸೊಗಸಾಗಿತ್ತು, ಆದರೆ ದನಿ ಮಾತ್ರ ಖಾಲಿ ಹೌದಿನೊಳಗಿನಿಂದ ಬಂದಂತೆ ಗುಂಯ್‌ಗುಡುತ್ತಿತ್ತು. ಅದರ ಕೆಳಗೆ ಫ್ಯಾನಿನ ಭರ್ರೆಂಬ ಸದ್ದು ಆರಂಭದಿಂದ ಕೊನೆಯವರೆಗೆ ಹರಿಯುತ್ತಿತ್ತು. ಮೈಕು ಕೆಟ್ಟದ್ದಿರಬೇಕು, ಹಿಂದಿರುಗಿಸಿಬಿಡುತ್ತೇನೆ ಎಂದು ಅವರು ಹೇಳಿದರು. ಮೈಕಿನಲ್ಲಿ ದೋಷವೇನೂ ಇರಲಿಲ್ಲ. ಆ ಕೋಣೆಯಲ್ಲಿ ನಾವು ಏನೇನು ಬದಲಿಸಿದೆವು, ಯಾವ ಬದಲಾವಣೆಯಿಂದ ಎಷ್ಟು ಸುಧಾರಿಸಿತು ಎಂಬುದನ್ನು ಅನುಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ಒಂದು ಬೆಡ್‌ರೂಮಿನ ಫ್ಲ್ಯಾಟು, ಕಾಂಕ್ರೀಟಿನ ಗೋಡೆ, ಟೈಲ್ಸಿನ ನೆಲ, ಅಲ್ಯೂಮಿನಿಯಂ ಚೌಕಟ್ಟಿನ ಸರಿಯುವ ಕಿಟಕಿ, ಇಷ್ಟಿರುವ ಯಾರಿಗೂ ಇದು ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತದೆ.

ಮೊದಲು ಕಾಯಿಲೆ ಯಾವುದೆಂದು ತಿಳಿಯಿರಿ

ಮನೆಯ ಮುದ್ರಣವನ್ನು ಕೆಡಿಸುವ ದೋಷಗಳು ಎರಡು, ಮತ್ತು ಎರಡಕ್ಕೂ ಮದ್ದು ಬೇರೆ ಬೇರೆ. ಒಂದು ಗದ್ದಲ, ಅಂದರೆ ನಿಮ್ಮ ದನಿಯಲ್ಲದ ಎಲ್ಲ ಸದ್ದು: ಫ್ಯಾನು, ಫ್ರಿಜ್ಜು, ರಸ್ತೆ, ಲೋಕಲ್ ರೈಲು. ಇನ್ನೊಂದು ಮಾರ್ದನಿ, ಅಂದರೆ ನಿಮ್ಮದೇ ದನಿ ಗೋಡೆ, ನೆಲ, ಚಾವಣಿಗಳಿಗೆ ಬಡಿದು ಕ್ಷಣಕಾಲ ತಡವಾಗಿ ಮೈಕಿಗೆ ಮರಳಿ ಬರುವುದು. ಗದ್ದಲದಲ್ಲಿ ಒಂದೇ ಸಮನೆ ಇರುವ ಭಾಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸ್ವಲ್ಪ ಮಟ್ಟಿಗೆ ತಗ್ಗಿಸಬಹುದು. ಮಾರ್ದನಿಯನ್ನು ಸಾಮಾನ್ಯವಾದ ನಾಯ್ಸ್ ರಿಡಕ್ಷನ್ ತೆಗೆಯಲಾರದು, ಏಕೆಂದರೆ ಅದು ನಿಮ್ಮ ದನಿಯೇ ಆಗಿದ್ದು, ನಿಮ್ಮ ದನಿಯ ಸ್ವರಗಳಲ್ಲೇ ಬೆರೆತಿರುತ್ತದೆ. ಆದ್ದರಿಂದ ಅದನ್ನು ಮುದ್ರಣಕ್ಕೆ ಮೊದಲು, ಕೋಣೆಯಲ್ಲೇ ಅಡಗಿಸಬೇಕು.

ಮಾರ್ದನಿ ಎಷ್ಟಿದೆ ಎಂದು ತಿಳಿಯಲು ಚಪ್ಪಾಳೆ ತಟ್ಟಿ ನೋಡುವುದು ವಾಡಿಕೆ. ಆದರೆ ನೀವು ಓದುವ ಜಾಗದಿಂದ ಓದುವ ದನಿಯಲ್ಲಿಯೇ ಪರೀಕ್ಷಿಸುವುದು ಮೇಲು. ಇದರಲ್ಲಿ ಕನ್ನಡಕ್ಕೊಂದು ತೊಡಕಿದೆ. ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುವುದರಿಂದ ಮಾರ್ದನಿಯ ಬಾಲ ಆ ಸ್ವರದೊಳಗೆ ಅಡಗಿಕೊಂಡು ಕಿವಿಗೆ ಸಿಗುವುದಿಲ್ಲ. ಅದಕ್ಕಾಗಿ ಟಪ್, ಥಟ್, ಚಕ್ ಎಂಬಂಥ ಅನುಕರಣ ಶಬ್ದಗಳನ್ನು ಗಟ್ಟಿಯಾಗಿ, ನಡುವೆ ಎರಡು ಸೆಕೆಂಡು ಬಿಟ್ಟು ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿ. ವ್ಯಂಜನ ಮುಗಿದ ತಕ್ಷಣ ಮೌನ ಬಂದರೆ ಕೋಣೆ ಸರಿಯಾಗಿದೆ. ವ್ಯಂಜನದ ಬೆನ್ನಿಗೇ ಒಂದು ಲೋಹದಂಥ ಝಣಕು ಕೇಳಿದರೆ ಎರಡು ಬರಿಗೋಡೆಗಳು ಎದುರುಬದುರಾಗಿ ನಿಂತು ದನಿಯನ್ನು ಚೆಂಡಿನಂತೆ ಎಸೆದಾಡುತ್ತಿವೆ ಎಂದು ತಿಳಿಯಬೇಕು. ಅಕ್ಕೋರ ಕೋಣೆಯಲ್ಲಿ ‘ಟಪ್’ ಎಂದದ್ದು ‘ಟಪ್ಪ್ಂಯ್’ ಎಂದು ಕೇಳಿತು.

ಗದ್ದಲಕ್ಕೆ ಅಳತೆಯೇ ಇದೆ. ಹತ್ತು ಸೆಕೆಂಡು ಸುಮ್ಮನೆ ಕುಳಿತು ಮುದ್ರಿಸಿ, ಆಮೇಲೆ ಅರ್ಧ ನಿಮಿಷ ಓದಿ. ಉಚಿತವಾಗಿ ಸಿಗುವ Audacity ತಂತ್ರಾಂಶದಲ್ಲಿ ಮೌನದ ಭಾಗವನ್ನಷ್ಟೇ ಆಯ್ದು Analyze ಪಟ್ಟಿಯಲ್ಲಿರುವ Measure RMS ಒತ್ತಿದರೆ ಸರಾಸರಿ ಮಟ್ಟ ಕಾಣಿಸುತ್ತದೆ. ಓದಿನ ಭಾಗಕ್ಕೂ ಹಾಗೆಯೇ ಮಾಡಿ. ಇಲ್ಲಿ ಸೊನ್ನೆ ಎಂಬುದು ಚಾವಣಿ, ಅದಕ್ಕಿಂತ ಕೆಳಗಿನದೆಲ್ಲ ಋಣ ಸಂಖ್ಯೆ. ಅಕ್ಕೋರ ಮೊದಲ ಮುದ್ರಣದಲ್ಲಿ ಓದು −24 ಡೆಸಿಬೆಲ್, ಮೌನ −40 ಡೆಸಿಬೆಲ್ ಇತ್ತು. ನಡುವಿನ ಅಂತರ ಬರೀ 16. ನಾವು ದೊಡ್ಡದು ಮಾಡಬೇಕಾಗಿರುವುದು ಈ ಅಂತರವನ್ನು. ಆಡಿಯೊ ಪುಸ್ತಕಗಳಿಗೆ ACX ಎಂಬ ವೇದಿಕೆ ಇಟ್ಟಿರುವ ಅಳತೆಯನ್ನು ಗುರಿಯಾಗಿ ಇಟ್ಟುಕೊಳ್ಳಬಹುದು: ಓದು −23ರಿಂದ −18ರ ನಡುವೆ ಇರಬೇಕು, ಅತ್ಯಂತ ಜೋರಾದ ಕ್ಷಣವೂ −3 ದಾಟಬಾರದು, ಮೌನ −60ಕ್ಕಿಂತ ಕೆಳಗಿರಬೇಕು. ಕಥೆ ಕೇಳುವ ಮಕ್ಕಳು ಈ ಅಳತೆಯನ್ನೇನೂ ಬಯಸುವುದಿಲ್ಲ, ನಿಜ. ಆದರೆ ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲದವನು ತಂತ್ರಾಂಶದಲ್ಲಿ ದನಿಯನ್ನು ಉಜ್ಜುತ್ತಲೇ ಇರುತ್ತಾನೆ, ಅದಕ್ಕಾಗಿ ಒಂದು ಗೆರೆ ಬೇಕು.

ಸದ್ದನ್ನು ಮೂಲದಲ್ಲೇ ನಿಲ್ಲಿಸುವುದು

ಈ ಭಾಗದಲ್ಲಿ ವಿದ್ಯೆಯೇನೂ ಇಲ್ಲ. ಫ್ಯಾನು ಆರಿಸಿ. ಕಿಟಕಿ ಮುಚ್ಚಿ, ಚೌಕಟ್ಟಿನ ಸಂದಿಯಲ್ಲಿ ಹಳೆಯ ಬಟ್ಟೆ ತುರುಕಿ, ಏಕೆಂದರೆ ಗಾಳಿ ನುಗ್ಗುವ ಸಂದಿಯಲ್ಲೇ ಸದ್ದೂ ನುಗ್ಗುತ್ತದೆ. ಗುಂಯ್ ಎನ್ನುವ ಹಳೆಯ ಟ್ಯೂಬ್‌ಲೈಟಿದ್ದರೆ ಆರಿಸಿ ಬಲ್ಬು ಹಾಕಿ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ. ಮುದ್ರಿಸುವಷ್ಟು ಹೊತ್ತು ಫ್ರಿಜ್ಜನ್ನೂ ಆರಿಸಬಹುದು, ಆದರೆ ಆರಿಸುವ ಮೊದಲು ಮನೆಯ ಕೀಲಿಕೈಯನ್ನು ಅದರೊಳಗೆ ಇಟ್ಟುಬಿಡಿ. ಹೊರಗೆ ಹೋಗುವಾಗ ಕೀಲಿಗಾಗಿ ಬಾಗಿಲು ತೆರೆದರೆ ಒಳಗೆ ಕತ್ತಲಿರುವುದು ಕಂಡು, ಮತ್ತೆ ಹಾಕಲು ನೆನಪಾಗುತ್ತದೆ. ಎರಡು ಲೀಟರ್ ಹಾಲು ಒಡೆದ ಮೇಲೆ ನಾನು ಕಲಿತ ಉಪಾಯವಿದು.

ಫ್ಯಾನಿಲ್ಲದೆ ಮುಂಬಯಿಯಲ್ಲಿ ಎಷ್ಟು ಹೊತ್ತು ಕುಳಿತಿರಲಾದೀತು ಎಂಬುದು ನ್ಯಾಯವಾದ ಪ್ರಶ್ನೆ. ಹತ್ತು ನಿಮಿಷ ಓದಿ, ಐದು ನಿಮಿಷ ಫ್ಯಾನು ಹಾಕಿ ಕುಳಿತುಕೊಳ್ಳಿ. ಬೆವರಿ ಬಳಲಿದ ದನಿಯಲ್ಲಿ ಹೇಗೂ ಒಳ್ಳೆಯ ಓದು ಬರುವುದಿಲ್ಲ. ಅಕ್ಕೋರ ಮನೆಯಲ್ಲಿ ಫ್ಯಾನು ಮತ್ತು ಫ್ರಿಜ್ಜು ನಿಂತದ್ದೇ ಮೌನದ ಮಟ್ಟ −40ರಿಂದ −48ಕ್ಕೆ ಇಳಿಯಿತು.

ಹೊದಿಕೆಗಳನ್ನು ಎಲ್ಲಿ ತೂಗುಹಾಕಬೇಕು

ನಾನು ಮೊದಲ ಸಲ ಅವರ ಕೋಣೆಗೆ ಹೋದಾಗ ಅಕ್ಕೋರು ಆಗಲೇ ಎರಡು ಕೌದಿಗಳನ್ನು ಕಟ್ಟಿದ್ದರು. ತಾಯಿಯ ಕಾಲದ ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಒತ್ತೊತ್ತಾಗಿ ಹೊಲಿದ, ಎತ್ತಿದರೆ ಕೈಸೋಲುವಷ್ಟು ಭಾರವಾದ ಕೌದಿಗಳು. ಎರಡನ್ನೂ ಮೈಕಿನ ಹಿಂದೆ, ತಮ್ಮ ಮುಖದ ಎದುರಿಗಿನ ಗೋಡೆಗೆ ಕಟ್ಟಿದ್ದರು. ಬೆನ್ನ ಹಿಂದೆ ಬರಿಗೋಡೆ. ಹೆಚ್ಚಿನವರು ಮಾಡುವ ತಪ್ಪು ಇದೇ. ನಾನು ಒಂದನ್ನು ಬಿಚ್ಚಿ ಅವರ ಬೆನ್ನ ಹಿಂದಕ್ಕೆ ಒಯ್ಯುತ್ತಿರುವಾಗ ಅವರು ಕೇಳಿದರು: “ದನಿ ಮುಂದಕ್ಕ ಹೋಗ್ತೈತಿ, ಕೌದಿ ಹಿಂದ ಯಾಕ್ರೀ?”

ಉತ್ತರ ಮೈಕಿನ ಸ್ವಭಾವದಲ್ಲಿದೆ. ಮನೆಬಳಕೆಗೆ ಕೊಳ್ಳುವ ಮೈಕುಗಳು ಹೆಚ್ಚಾಗಿ ಕಾರ್ಡಿಯಾಯ್ಡ್ ಎಂಬ ಬಗೆಯವು. ಇವು ಮುಂದಿನಿಂದ ಬರುವ ದನಿಯನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುತ್ತವೆ, ಪಕ್ಕದಿಂದ ಬರುವುದನ್ನು ಸುಮಾರು 6 ಡೆಸಿಬೆಲ್ ಕಡಿಮೆಯಾಗಿ ಕೇಳಿಸಿಕೊಳ್ಳುತ್ತವೆ, ನೇರ ಹಿಂದಿನಿಂದ ಬರುವುದಕ್ಕೆ ಬಹುಮಟ್ಟಿಗೆ ಕಿವುಡಾಗಿರುತ್ತವೆ. ಮೈಕಿನ ಮುಂಭಾಗ ನಿಮ್ಮ ಮುಖಕ್ಕೆ ತಿರುಗಿದೆ, ಅಂದರೆ ಅದು ನಿಮ್ಮನ್ನೂ ನಿಮ್ಮ ತಲೆಯ ಹಿಂದಿರುವ ಗೋಡೆಯನ್ನೂ ಒಟ್ಟಿಗೇ ದಿಟ್ಟಿಸುತ್ತಿದೆ. ಬಾಯಿಂದ ಹೊರಟ ದನಿ ಎದುರಿನ ಗೋಡೆಗೆ ಬಡಿದು, ಕೋಣೆಯೆಲ್ಲ ಸುತ್ತಿ, ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ಚಿಮ್ಮಿ, ನಿಮ್ಮ ಹೆಗಲ ಮೇಲಿಂದ ಹಾದು ನೇರವಾಗಿ ಮೈಕಿನ ತೆರೆದ ಕಿವಿಗೆ ಬೀಳುತ್ತದೆ. ಆದ್ದರಿಂದ ನಿಮ್ಮಲ್ಲಿ ಒಂದೇ ಹೊದಿಕೆ ಇದ್ದರೆ ಅದು ಬೆನ್ನ ಹಿಂದೆ ಇರಬೇಕು. ಎರಡನೆಯದು ಇದ್ದರೆ ಹತ್ತಿರದ ಪಕ್ಕದ ಗೋಡೆಗೆ. ಮೂರನೆಯದು ನೆಲಕ್ಕೆ, ಏಕೆಂದರೆ ಟೈಲ್ಸಿನ ನೆಲ ಮತ್ತು ಚಾವಣಿ ಎದುರುಬದುರಾದ ಇನ್ನೊಂದು ಜೋಡಿ ಗೋಡೆಗಳೇ. ಚಾವಣಿಗೆ ಕಟ್ಟುವುದು ಕಷ್ಟ, ನೆಲಕ್ಕೆ ಗಾದಿ ಹಾಸಿದರೆ ಆ ಜೋಡಿಯ ಆಟ ಮುರಿಯುತ್ತದೆ. ಮೈಕಿನ ಹಿಂದಿನ ಗೋಡೆಯ ಸರದಿ ಕೊನೆಯದು.

ಕಟ್ಟುವುದಕ್ಕೆ ಮೊಳೆ ಹೊಡೆಯಬೇಕಿಲ್ಲ, ಬಾಡಿಗೆ ಮನೆಯಲ್ಲಿ ಹೊಡೆಯಲು ಬಿಡುವುದೂ ಇಲ್ಲ. ಇಲ್ಲಿನ ಮನೆಮನೆಯಲ್ಲೂ ಮಳೆಗಾಲಕ್ಕೆಂದು ಇರುವ, ಮಡಚುವ ಬಟ್ಟೆ ಒಣಗಿಸುವ ಸ್ಟ್ಯಾಂಡೇ ಸಾಕು. ಅದರ ಎರಡೂ ರೆಕ್ಕೆಗಳನ್ನು ಎತ್ತಿ ಕೌದಿಯನ್ನು ಇಬ್ಬದಿಯಾಗಿ ಹಾಕಿ, ಬಟ್ಟೆ ಕ್ಲಿಪ್ಪುಗಳಿಂದ ಬಿಗಿದು ಬೆನ್ನ ಹಿಂದೆ ನಿಲ್ಲಿಸಿ. ಸ್ಟ್ಯಾಂಡು ಎದೆಮಟ್ಟಕ್ಕಷ್ಟೇ ಬರುವುದರಿಂದ ಕುರ್ಚಿ ಬಿಟ್ಟು ನೆಲದ ಗಾದಿಯ ಮೇಲೆ ಕುಳಿತುಕೊಳ್ಳಿ. ಆಗ ಕೌದಿ ತಲೆಗಿಂತ ಒಂದು ಗೇಣು ಮೇಲಕ್ಕೆ ನಿಲ್ಲುತ್ತದೆ, ಗಾದಿಯಿಂದ ನೆಲದ ಕೆಲಸವೂ ಆಗುತ್ತದೆ. ನೆಲದಲ್ಲಿ ಕೂರಲಾಗದವರು ಕಿಟಕಿಯ ಗ್ರಿಲ್ಲಿಂದ ಬಾಗಿಲ ಚಿಲಕಕ್ಕೆ ನೈಲಾನ್ ಹಗ್ಗ ಕಟ್ಟಿ ಅದರ ಮೇಲೆ ಹಾಕಬಹುದು. ಸೀರೆಗಳಿಂದ ತುಂಬಿದ ಕಪಾಟಿದ್ದರೆ ಅದರ ಬಾಗಿಲುಗಳನ್ನು ಹಾರುಹೊಡೆದು ಅದಕ್ಕೇ ಬೆನ್ನು ಕೊಟ್ಟು ಕೂರುವುದು ಇನ್ನೂ ಸುಲಭ.

ಕೌದಿಯನ್ನು ಗೋಡೆಗೆ ಅಂಟಿಸದೆ, ಒಂದು ಗೇಣಿನಷ್ಟು ಮುಂದೆ ನಿಲ್ಲಿಸಿ. ಗೋಡೆಯ ಮೈಯಲ್ಲಿ ಗಾಳಿ ಅಲುಗಾಡಲಾರದು. ಗೋಡೆಯಿಂದ ಅಲೆಯುದ್ದದ ನಾಲ್ಕನೇ ಒಂದು ಭಾಗದಷ್ಟು ದೂರದಲ್ಲಿ ಅದು ಅತಿ ಹೆಚ್ಚು ಅಲುಗುತ್ತದೆ, ಹೊದಿಕೆಯ ಎಳೆಗಳು ಆ ಅಲುಗಾಟವನ್ನೇ ತಡೆದು ದನಿಯನ್ನು ನುಂಗುವುದು. 1000 ಹರ್ಟ್ಜ್ ದನಿಯ ಅಲೆಯುದ್ದ ಸುಮಾರು 34 ಸೆಂಟಿಮೀಟರ್, ಅದರ ಕಾಲುಭಾಗ ಎಂಟೂವರೆ. 400 ಹರ್ಟ್ಜ್‌ಗೆ ಈ ಕಾಲುಭಾಗ ಸುಮಾರು 21 ಸೆಂಟಿಮೀಟರ್, ಅಂದರೆ ಒಂದು ಗೇಣು. ಹೀಗೆ ಅದೇ ಕೌದಿ ಬರೀ ಜಾಗ ಬದಲಿಸಿದ್ದರಿಂದ ಇನ್ನಷ್ಟು ಕೆಳಗಿನ ಸ್ವರಗಳವರೆಗೂ ಕೆಲಸ ಮಾಡುತ್ತದೆ. ಆದರೆ 100 ಹರ್ಟ್ಜ್ ದನಿಗೆ ಇದೇ ಲೆಕ್ಕದಲ್ಲಿ 85 ಸೆಂಟಿಮೀಟರ್ ಬೇಕು. ಹಾಗಾಗಿ ಗುಡುಗಿನಂಥ ಕೆಳಸ್ವರಗಳನ್ನು ಕೌದಿಯಿಂದ ಹಿಡಿಯುವ ಆಸೆ ಬೇಡ. ಹೊರಗಿನ ಸದ್ದನ್ನು ಕೌದಿ ತಡೆದೀತೆಂಬ ಆಸೆಯೂ ಬೇಡ. ಅದಕ್ಕೆ ಭಾರವಾದ, ಸಂದಿಯಿಲ್ಲದ ಗೋಡೆ ಬೇಕು. ಹೊದಿಕೆ ಒಳಗಿನ ಮಾರ್ದನಿಗೆ ಮಾತ್ರ ಮದ್ದು.

ಯಾವ ಹೊದಿಕೆ ಆಗುತ್ತದೆ ಎಂದು ತಿಳಿಯಲು ಬಟ್ಟೆಗೆ ಬಾಯಿ ಹಚ್ಚಿ ಊದಿ ನೋಡಿ. ಉಸಿರು ಸರಾಗವಾಗಿ ಆಚೆಗೆ ಹೋದರೆ ಅದು ತೀರ ತೆಳುವು, ದನಿಯೂ ಹಾಗೆಯೇ ಹೋಗಿ ಗೋಡೆಗೆ ಬಡಿದು ಬರುತ್ತದೆ. ಉಸಿರು ಸ್ವಲ್ಪವೂ ಹೋಗದಿದ್ದರೆ, ರೆಕ್ಸಿನ್ ಅಥವಾ ಪ್ಲಾಸ್ಟಿಕ್ ಹಾಳೆಯಂತೆ, ಅದು ದನಿಯನ್ನು ಹಿಂದಕ್ಕೆ ಎಸೆಯುತ್ತದೆ. ತಿಣುಕಿ ಊದಿದಾಗ ಅಷ್ಟಿಷ್ಟು ಹೋಗುವಂಥದ್ದು ನಮಗೆ ಬೇಕಾದದ್ದು. ಕೌದಿ, ಕುರಿಯುಣ್ಣೆಯ ಕಂಬಳಿ, ಹತ್ತಿ ತುಂಬಿದ ರಜಾಯಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಸೊಲ್ಲಾಪುರದ ಚಾದರ ಒಂದು ಪದರದಲ್ಲಿ ಸಾಲದು, ನಾಲ್ಕು ಮಡಿಕೆ ಮಾಡಿದರೆ ಆದೀತು. ಮೊಟ್ಟೆಯ ಟ್ರೇ ಅಂಟಿಸುವ ಪದ್ಧತಿಯ ಬಗ್ಗೆ ನನ್ನಲ್ಲಿ ಒಳ್ಳೆಯ ಮಾತಿಲ್ಲ.

ಇನ್ನೊಂದು ಅತಿರೇಕವೂ ಉಂಟು. ಕೆಲವರು ಮೈಕಿನ ಸಮೇತ ತಲೆಯ ಮೇಲೆ ಕಂಬಳಿ ಹೊದ್ದು ಗುಡಾರ ಮಾಡಿಕೊಂಡು ಓದುತ್ತಾರೆ. ಬಟ್ಟೆ ಮೇಲಿನ ಸ್ವರಗಳನ್ನೆಲ್ಲ ನುಂಗುತ್ತದೆ, ಕೆಳಗಿನವು ಹಾಗೇ ಉಳಿಯುತ್ತವೆ, ದನಿ ಮೂಗುಕಟ್ಟಿದವರಂತೆ ಮಂಕಾಗುತ್ತದೆ. ಸೆಕೆಯ ಮಾತಂತೂ ಬೇಡವೇ ಬೇಡ. ಒಂದು ಬದಿ ತೆರೆದಿರಲಿ.

ಅಕ್ಕೋರ ಕೋಣೆಯಲ್ಲಿ ಕೌದಿಗಳು ಎರಡೇ ಇದ್ದವು. ಒಂದು ಬೆನ್ನ ಹಿಂದೆ ಸ್ಟ್ಯಾಂಡಿನ ಮೇಲೆ, ಇನ್ನೊಂದು ಎಡಗೋಡೆಯ ಮುಂದೆ ಹಗ್ಗದ ಮೇಲೆ ನಿಂತಿತು. ಬಲಕ್ಕೆ ಬಟ್ಟೆಯ ಕಪಾಟು, ಕೆಳಗೆ ಗಾದಿ. ಮೈಕು ಇಟ್ಟ ಪುಟ್ಟ ಮೇಜಿನ ಮೇಲೆ ದಪ್ಪ ಟವೆಲು ಹಾಸಿದೆವು, ಏಕೆಂದರೆ ಮೇಜಿನ ನುಣುಪು ಹಲಗೆ ಮೈಕಿಗೆ ಅತಿ ಹತ್ತಿರದ ಗೋಡೆಯೇ ಆಗಿರುತ್ತದೆ. ಅಕ್ಕೋರು ‘ಟಪ್’ ಎಂದರು. ಈ ಸಲ ‘ಟಪ್’ ಎಂದೇ ಕೇಳಿತು.

ಒಂದು ಗೇಣು ದೂರ

ಬಾಯಿಗೂ ಮೈಕಿಗೂ ಇರಬೇಕಾದ ದೂರಕ್ಕೆ ಅಳತೆಪಟ್ಟಿ ಹುಡುಕಬೇಕಿಲ್ಲ. ಕೈ ಅಗಲಿಸಿ ಹೆಬ್ಬೆರಳನ್ನು ತುಟಿಗೆ, ಕಿರುಬೆರಳನ್ನು ಮೈಕಿಗೆ ಮುಟ್ಟಿಸಿದರೆ ಆಯಿತು. ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್.

ದೂರ ಇಮ್ಮಡಿಯಾದಾಗಲೆಲ್ಲ ನಿಮ್ಮ ಬಾಯಿಂದ ನೇರವಾಗಿ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಗದ್ದಲ ಮತ್ತು ಮಾರ್ದನಿ ಮಾತ್ರ ಮೈಕನ್ನು ಎಲ್ಲಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಆದ್ದರಿಂದ ಮೈಕನ್ನು ಹತ್ತಿರ ತಂದು, ಅದರ ಗೇನ್ ತಿರುಗಣೆಯನ್ನು, ಅಂದರೆ ಹಿಡಿದ ದನಿಯನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವ ಗುಂಡಿಯನ್ನು, ಅಷ್ಟೇ ತಗ್ಗಿಸಿದರೆ, ಓದು ಇದ್ದಲ್ಲೇ ಇದ್ದು ಗದ್ದಲವೂ ಮಾರ್ದನಿಯೂ ಕೆಳಗಿಳಿಯುತ್ತವೆ. ಅಕ್ಕೋರು ಮೊದಲು ಸುಮಾರು 50 ಸೆಂಟಿಮೀಟರ್ ದೂರದಿಂದ ಓದುತ್ತಿದ್ದರು. 20ಕ್ಕೆ ತಂದಾಗ ಲೆಕ್ಕದ ಪ್ರಕಾರ 8 ಡೆಸಿಬೆಲ್ ಲಾಭವಾಗಬೇಕಿತ್ತು, ಆಗಿಯೂ ಆಯಿತು: ಓದು −24ರಲ್ಲೇ ನಿಂತಿತು, ಮೌನ −48ರಿಂದ −56ಕ್ಕೆ ಹೋಯಿತು. ಬಿಡಿಗಾಸಿನ ಖರ್ಚಿಲ್ಲದೆ, ತಂತ್ರಾಂಶ ತೆರೆಯದೆ.

ಹಾಗಾದರೆ ಇನ್ನೂ ಹತ್ತಿರ, ನಾಲ್ಕು ಬೆರಳಿಗೆ ಬರಬಾರದೇಕೆ? ಕಾರ್ಡಿಯಾಯ್ಡ್ ಮೈಕಿಗೆ ತೀರ ಹತ್ತಿರವಾದಷ್ಟೂ ಕೆಳಸ್ವರಗಳು ಉಬ್ಬುತ್ತವೆ. ಆಕಾಶವಾಣಿಯ ಗಾಂಭೀರ್ಯ ಬಂತೆಂದು ಮೊದಲು ಹಿತವೆನಿಸುತ್ತದೆ, ಐದು ನಿಮಿಷ ಕೇಳಿದರೆ ಬೇಸರವಾಗುತ್ತದೆ. ಅಲ್ಲದೆ ಅಷ್ಟು ಹತ್ತಿರದಲ್ಲಿ ತಲೆ ಎರಡು ಬೆರಳು ಸರಿದರೂ ಮಟ್ಟ ಎದ್ದು ಬೀಳುತ್ತದೆ. ಮೇಲಾಗಿ ನಮ್ಮ ಪಕಾರ, ಬಕಾರಗಳು, ಅದರಲ್ಲೂ ಮಹಾಪ್ರಾಣವಾದ ಫ, ಭಗಳು ಉಸಿರಿನ ಸಣ್ಣ ಗುದ್ದನ್ನೇ ಮೈಕಿಗೆ ಕೊಡುತ್ತವೆ. ಇದಕ್ಕೆ ಪಾಪ್ ಫಿಲ್ಟರ್ ಎಂಬ ಬಲೆ ಸಿಗುತ್ತದೆ, ಅದನ್ನು ಮೈಕಿನಿಂದ ಮೂರು-ನಾಲ್ಕು ಬೆರಳು ಮುಂದೆ ನಿಲ್ಲಿಸಬೇಕು. ಅದಿಲ್ಲದಿದ್ದರೆ ಮೈಕನ್ನು ಬಾಯಿಯ ನೇರದಲ್ಲಿ ಇಡದೆ ಕೆನ್ನೆಯ ಪಕ್ಕಕ್ಕೆ ಸರಿಸಿ, ಬಾಯಿಯ ಮೂಲೆಯತ್ತ ಓರೆಯಾಗಿ ತಿರುಗಿಸಿ. ಉಸಿರು ನೇರವಾಗಿ ಹೋಗುತ್ತದೆ, ದನಿ ಸುತ್ತಲೂ ಹರಡುತ್ತದೆ, ಮೈಕಿಗೆ ದನಿ ಮಾತ್ರ ಸಿಗುತ್ತದೆ. ‘ಭೂಪನ ಫಲಭಾರ ಪಾಪಭಾರ’ ಎಂಬಂಥ ಅರ್ಥವಿಲ್ಲದ ಸಾಲೊಂದನ್ನು ಓದಿ, ಹೆಡ್‌ಫೋನಿನಲ್ಲಿ ದಡ್ ದಡ್ ಎಂಬ ಗುದ್ದು ನಿಲ್ಲುವವರೆಗೆ ಓರೆಯನ್ನು ತಿದ್ದಿಕೊಳ್ಳಿ.

ಮೈಕಿನ ಮುಂಭಾಗ ಯಾವುದೆಂದು ಖಚಿತಪಡಿಸಿಕೊಳ್ಳಿ. ನಿಂತ ಲೋಟದಂತಿರುವ ಅನೇಕ ಯುಎಸ್‌ಬಿ ಮೈಕುಗಳು ತಲೆಯಿಂದಲ್ಲ, ಪಕ್ಕದಿಂದ ಕೇಳಿಸಿಕೊಳ್ಳುತ್ತವೆ. ಮಾತಾಡುತ್ತಲೇ ಮೈಕನ್ನು ಒಂದು ಸುತ್ತು ತಿರುಗಿಸಿ, ಆ ಮುದ್ರಣವನ್ನು ಕೇಳಿದರೆ ದನಿ ಎಲ್ಲಿ ಗಟ್ಟಿ, ಎಲ್ಲಿ ಕ್ಷೀಣ ಎಂದು ತಿಳಿಯುತ್ತದೆ. ಕ್ಷೀಣವಾದ ಬೆನ್ನನ್ನು ಕಿಟಕಿಯ ಕಡೆಗೆ ಮಾಡಿ, ಲ್ಯಾಪ್‌ಟಾಪನ್ನೂ ಆ ಕಡೆಯೇ ಇಡಿ. ಮೊಬೈಲಿನ ಮೈಕಿನಲ್ಲೇ ಮುದ್ರಿಸುವವರು ಅದು ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತದೆ ಎಂದುಕೊಂಡೇ ಹೊದಿಕೆಗಳನ್ನು ಸುತ್ತಲೂ ಹಂಚಬೇಕು.

ಕೊನೆಗೆ, ಈ ಒಂದು ಗೇಣು ಓದು ಮುಗಿಯುವವರೆಗೂ ಒಂದು ಗೇಣಾಗಿಯೇ ಉಳಿಯಬೇಕು. ಅಕ್ಕೋರು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಓದುತ್ತಿದ್ದರಿಂದ ಪುಟದ ಕೆಳಗೆ ಹೋದಂತೆ ತಲೆ ಬಾಗಿ ದನಿ ಮಂಕಾಗುತ್ತಿತ್ತು, ಹೊಸ ಪುಟಕ್ಕೆ ಮತ್ತೆ ಮೇಲೇಳುತ್ತಿತ್ತು. ಕಥೆಯನ್ನು ದೊಡ್ಡ ಅಕ್ಷರದಲ್ಲಿ ಬಿಡಿ ಹಾಳೆಗಳ ಮೇಲೆ ಮುದ್ರಿಸಿ, ಮೈಕಿನ ಆಚೆ ಕಣ್ಣಿನ ಮಟ್ಟಕ್ಕೆ ಕಟ್ಟಿದ ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಾಲಾಗಿ ತೂಗಿಸಿದೆವು. ಪುಟ ಮಗುಚುವ ಸದ್ದೂ ಹೋಯಿತು.

ಮುದ್ರಿಸುವಾಗ

ಮೊನೊ, 24 ಬಿಟ್, 48000 ಹರ್ಟ್ಜ್ ಇಟ್ಟುಕೊಳ್ಳಿ. ಕಥೆಯ ಅತ್ಯಂತ ಜೋರಾದ ಸಾಲನ್ನು ಓದಿ, ಅದು −12ರಿಂದ −6ರ ನಡುವೆ ಬರುವಂತೆ ಗೇನ್ ಹೊಂದಿಸಿ. ಸೊನ್ನೆಗೆ ತಾಗಿದ ದನಿ ಹರಿದುಹೋಗುತ್ತದೆ, ಅದನ್ನು ಹೊಲಿಯಲಾಗುವುದಿಲ್ಲ. ಓದಲು ತೊಡಗುವ ಮೊದಲು ಕುಳಿತಲ್ಲೇ ಹತ್ತು ಸೆಕೆಂಡು ಅಲುಗದೆ, ಬಳೆ ಸದ್ದಾಗದಂತೆ ಸುಮ್ಮನಿರಿ. ಈ ಮೌನ ಆಮೇಲೆ ಎರಡು ಕೆಲಸಕ್ಕೆ ಬರುತ್ತದೆ.

ರೈಲು, ವಿಮಾನ, ಕುಕ್ಕರಿನ ಸೀಟಿ, ಕಾಗೆ, ನೀರಿನ ಪಂಪು, ಇವುಗಳಿಗೆ ತಂತ್ರಾಂಶದಲ್ಲಿ ಮದ್ದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡಿ. ಲೋಕಲ್ ನಿಲ್ಲುವ ನಡುರಾತ್ರಿಯವರೆಗೆ ಕಾಯುತ್ತೇನೆಂದರೆ ಆ ಹೊತ್ತಿಗೆ ನಿಮ್ಮ ದನಿಯೂ ಮಲಗಿರುತ್ತದೆ. ಅದಕ್ಕಿಂತ ಪ್ಯಾರಾ ಪ್ಯಾರಾವಾಗಿ ಓದಿ. ನಡುವೆ ಹಾರನ್ ಬಂದರೆ ಮುದ್ರಣ ನಿಲ್ಲಿಸದೆ, ಸದ್ದು ಪೂರ್ತಿ ಹೋಗುವವರೆಗೆ ಕಾದು, ಎರಡು ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿನಿಂದ ಓದಿ. ಚಪ್ಪಾಳೆಗಳು ತೆರೆಯ ಮೇಲೆ ಎರಡು ಚೂಪು ಗೆರೆಗಳಾಗಿ ಕಾಣುವುದರಿಂದ ಎಲ್ಲಿ ಕತ್ತರಿಸಬೇಕೆಂದು ಹುಡುಕಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿಯ ಮೇಲಿನ ತಗಡಿನ ಮೇಲೆ ಮಳೆ ಬೀಳುವಾಗ ಓದಲೇಬೇಡಿ. ಒಂದೇ ಸಮನೆ ಇರುವಂತೆ ಕಿವಿಗೆ ಅನಿಸಿದರೂ ಅದು ಸಾವಿರಾರು ಬಿಡಿ ಹೊಡೆತಗಳ ಸದ್ದು, ತೆಗೆಯಹೋದರೆ ದನಿಯೂ ಜೊತೆಗೇ ಹೋಗುತ್ತದೆ.

ಗದ್ದಲ ತಗ್ಗಿಸುವುದು

ಮೂಲ ಕಡತವನ್ನು ಬೇರೆಯಾಗಿ ಉಳಿಸಿ, ಅದರ ನಕಲಿನ ಮೇಲೆ ಕೆಲಸ ಮಾಡಿ. ಇಲ್ಲಿ ಅನುಕ್ರಮ ಮುಖ್ಯ.

ಮೊದಲು Effect ಪಟ್ಟಿಯಿಂದ High-Pass Filter. ಗಂಡಸರ ದನಿಗೆ 80, ಹೆಂಗಸರ ದನಿಗೆ 100 ಹರ್ಟ್ಜ್ ಕೊಟ್ಟು, Roll-off ಅನ್ನು 12 dB ಇಡಿ. ಕೌದಿಗೆ ಸಿಗದ ಕೆಳಸ್ವರದ ಗುಡುಗುಡು, ದೂರದ ಲಾರಿ, ನೆಲದ ಅದುರು, 50 ಹರ್ಟ್ಜ್‌ನ ವಿದ್ಯುತ್ತಿನ ಗುಂಯ್‌ಕಾರದ ಬಹುಭಾಗ ಇಲ್ಲೇ ಹೋಗುತ್ತವೆ. ದನಿಗೆ ನಷ್ಟವಾಗುವುದಿಲ್ಲ, ಏಕೆಂದರೆ ದನಿ ಅಷ್ಟು ಕೆಳಗೆ ಇಳಿಯುವುದೇ ಅಪರೂಪ. ಅಕ್ಕೋರ ಮುದ್ರಣದಲ್ಲಿ ಮೌನ −56ರಿಂದ −60ಕ್ಕೆ ಬಂತು.

ಆಮೇಲೆ Noise Reduction. ಆರಂಭದ ಹತ್ತು ಸೆಕೆಂಡಿನ ಮೌನವನ್ನು ಆಯ್ದು Get Noise Profile ಒತ್ತಿ. ಮತ್ತೆ ಪೂರ್ತಿ ಓದನ್ನು ಆಯ್ದು ಅದೇ ಕಿಟಕಿ ತೆರೆದು Noise reduction ಎಂಬಲ್ಲಿ 8, Sensitivity 6, Frequency smoothing 6 ಕೊಡಿ. ಈ ವಿಧಾನ ಮೌನದಲ್ಲಿ ಯಾವ ಯಾವ ಸ್ವರಪಟ್ಟಿಯಲ್ಲಿ ಎಷ್ಟೆಷ್ಟು ಸದ್ದಿದೆ ಎಂದು ಮೊದಲು ಗುರುತಿಟ್ಟುಕೊಂಡು, ಓದಿನಲ್ಲಿ ಅದಕ್ಕಿಂತ ಮೇಲೇಳದ ಪಟ್ಟಿಗಳನ್ನು ತಗ್ಗಿಸುತ್ತದೆ. ಗುರುತು ಮಟ್ಟವನ್ನು ಅವಲಂಬಿಸಿರುವುದರಿಂದ, ಗುರುತು ಹಿಡಿದ ಮೇಲೆ ದನಿ ಏರಿಸಿದರೂ ಫಿಲ್ಟರ್ ಹಾಕಿದರೂ ಅದು ಸುಳ್ಳಾಗುತ್ತದೆ. ಫಿಲ್ಟರ್ ಮೊದಲು, ದನಿ ಏರಿಸುವುದು ಕೊನೆಗೆ ಎನ್ನುವುದು ಇದಕ್ಕೇ.

OK ಒತ್ತುವ ಮೊದಲು ಅದೇ ಕಿಟಕಿಯಲ್ಲಿರುವ Residue ಆಯ್ದು, Preview ಒತ್ತಿ ಒಮ್ಮೆ ಕೇಳಿ. ತಂತ್ರಾಂಶ ಏನನ್ನು ತೆಗೆದು ಎಸೆಯಲಿದೆಯೋ ಅದು ಮಾತ್ರ ಕೇಳಿಸುತ್ತದೆ. ಬರೀ ಸುಯ್ ಎಂಬ ಸದ್ದಿದ್ದರೆ ಸರಿ. ಅದರಲ್ಲಿ ಪದಗಳ ನೆರಳು ಕೇಳಿದರೆ ನಿಮ್ಮ ದನಿಯನ್ನೇ ಎಸೆಯುತ್ತಿದ್ದೀರಿ, ಸಂಖ್ಯೆ ಇಳಿಸಿ. ಕೇಳಿದ ಮೇಲೆ ಮತ್ತೆ Reduce ಆಯ್ದುಕೊಳ್ಳಲು ಮರೆಯಬೇಡಿ, ಇಲ್ಲದಿದ್ದರೆ ಕಸವೇ ಉಳಿದು ಕಥೆ ಹೋಗುತ್ತದೆ.

ಅತಿಯಾದಾಗ ಮೊದಲು ಬಲಿಯಾಗುವುದು ಹಕಾರ. ಅದು ಬಹುಮಟ್ಟಿಗೆ ಬರೀ ಉಸಿರು, ತಂತ್ರಾಂಶದ ಕಣ್ಣಿಗೆ ಗದ್ದಲದಂತೆಯೇ ಕಾಣುತ್ತದೆ. ಅಕ್ಕೋರು ತಾವೇ ಒಮ್ಮೆ ಪ್ರಯೋಗಕ್ಕೆಂದು 24 ಕೊಟ್ಟು ನೋಡಿದರು. ‘ಹಕ್ಕಿ ಹಾಡಿತು’ ಎಂದು ಓದಿದ್ದು ‘ಅಕ್ಕಿ ಆಡಿತು’ ಎಂದು ಕೇಳಿತು. ನಲವತ್ತು ವರ್ಷ ಮಕ್ಕಳ ಹಕಾರ ತಿದ್ದಿದವರಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರಿಲ್ಲ. ಹಕಾರದ ನಂತರದ ಸರದಿ ಸ, ಶ, ಷಗಳದು, ಅವು ತೊದಲಿದಂತೆ ಮಸುಕಾಗುತ್ತವೆ. ವಾಕ್ಯದ ಕೊನೆಯಲ್ಲಿ ಇಳಿಯುವ ದನಿ ನೀರಿನಡಿಯಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಆದ್ದರಿಂದ ಓದಿನ ಆರಂಭದಲ್ಲೇ ‘ಹಕ್ಕಿ ಹಾಡಿತು, ಶಿಷ್ಯ ಸುಸ್ತಾದ’ ಎಂಬೊಂದು ಸಾಲನ್ನು ಮುದ್ರಿಸಿಟ್ಟುಕೊಳ್ಳಿ. ಗದ್ದಲ ತಗ್ಗಿಸಿದ ಮೇಲೆ ಅದನ್ನು ಮೂಲದ ಜೊತೆ ಹೋಲಿಸಿ ಕೇಳಿ, ಆಮೇಲೆ ಆ ಸಾಲನ್ನು ಅಳಿಸಿಬಿಡಿ. ನನ್ನ ಅನುಭವದಲ್ಲಿ 12ರ ಮೇಲೆ ಹೋಗಬೇಕೆನಿಸಿದರೆ ಕೋಣೆಗೆ ಮರಳಿ ಮೈಕನ್ನೋ ಕೌದಿಯನ್ನೋ ಸರಿಪಡಿಸಿ ಮತ್ತೆ ಓದುವುದೇ ಕಡಿಮೆ ಶ್ರಮದ ದಾರಿ.

ಕಡೆಯದಾಗಿ Amplify ಮೂಲಕ ದನಿ ಏರಿಸಿ. ಅಕ್ಕೋರ ಓದು −24ರಲ್ಲಿತ್ತು, ಅತಿ ಜೋರಾದ ಕ್ಷಣ −8ರಲ್ಲಿತ್ತು. 4 ಡೆಸಿಬೆಲ್ ಏರಿಸಿದಾಗ ಓದು −20, ಜೋರಾದ ಕ್ಷಣ −4 ಆಯಿತು. Noise Reduction ಮೌನವನ್ನು −60ರಿಂದ −68ಕ್ಕೆ ಇಳಿಸಿತ್ತು, ಏರಿಸಿದ ಮೇಲೆ −64ಕ್ಕೆ ನಿಂತಿತು. 16 ಇದ್ದ ಅಂತರ 44 ಆಯಿತು. ಆ 28ರಲ್ಲಿ ಫ್ಯಾನು-ಫ್ರಿಜ್ಜು ಆರಿಸಿದ್ದಕ್ಕೆ 8, ಮೈಕು ಹತ್ತಿರ ತಂದದ್ದಕ್ಕೆ 8, ಫಿಲ್ಟರಿಗೆ 4, ಗದ್ದಲ ತಗ್ಗಿಸಿದ್ದಕ್ಕೆ 8. ಕೌದಿಯ ಪಾಲು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಏಕೆಂದರೆ ಮಾರ್ದನಿ ಮೌನದಲ್ಲಿ ಇರುವುದಿಲ್ಲ, ಮಾತಿನ ಬೆನ್ನಿಗಷ್ಟೇ ಇರುತ್ತದೆ.

ಚಪ್ಪಾಳೆ, ಕೆಮ್ಮು, ತಪ್ಪಿದ ವಾಕ್ಯಗಳನ್ನು ಕತ್ತರಿಸಿದ ಜಾಗದಲ್ಲಿ ಪೂರ್ಣ ಶೂನ್ಯವನ್ನು ಬಿಡಬೇಡಿ, ಕೇಳುವವರಿಗೆ ಕರೆ ಕಡಿದುಹೋದಂತೆ ಅನಿಸುತ್ತದೆ. ಆ ಹತ್ತು ಸೆಕೆಂಡಿನ ಮೌನದಿಂದಲೇ, ಉಳಿದುದರ ಜೊತೆಗೆ ತಗ್ಗಿಸಿ ಏರಿಸಿದ್ದರಿಂದ, ಬೇಕಾದಷ್ಟು ತುಂಡು ತೆಗೆದು ತೇಪೆ ಹಾಕಿ.

ಎಲ್ಲ ಮುಗಿದ ಮೇಲೆ ಕೌದಿಗಳನ್ನು ಮಡಚುವ ಮೊದಲು ಸ್ಟ್ಯಾಂಡಿನ ಕಾಲುಗಳು, ಮೇಜಿನ ಮೂಲೆಗಳು, ಗಾದಿಯ ಅಂಚು ನಿಂತ ಜಾಗಕ್ಕೆಲ್ಲ ನೆಲದ ಮೇಲೆ ಬಣ್ಣದ ಟೇಪು ಅಂಟಿಸಿ. ಮೈಕಿನ ಗೇನ್ ತಿರುಗಣೆ ಎಲ್ಲಿತ್ತೆಂದು ಪೆನ್ನಿನಿಂದ ಗುರುತು ಮಾಡಿ. ಮೂರು ದಿನದ ಮೇಲೆ ಒಂದೇ ಒಂದು ವಾಕ್ಯ ಮತ್ತೆ ಓದಬೇಕಾಗಿ ಬಂದರೆ, ಆ ಗುರುತುಗಳ ಮೇಲೆ ಎಲ್ಲವನ್ನೂ ಇಟ್ಟು ಓದಿದ ವಾಕ್ಯವಷ್ಟೇ ಹಳೆಯದರೊಡನೆ ಬೆಸೆದುಕೊಳ್ಳುತ್ತದೆ. ಅಕ್ಕೋರ ಮನೆಯ ಟೈಲ್ಸಿನ ಮೇಲೆ ಆ ಹಳದಿ ಟೇಪು ಈಗಲೂ ಇದೆ, ನೆಲ ಒರೆಸಲು ಬರುವ ಹೆಂಗಸಿಗೆ ಅದನ್ನು ಕೀಳಬಾರದೆಂದು ಮರಾಠಿಯಲ್ಲಿ ತಾಕೀತು ಮಾಡಿಟ್ಟಿದ್ದಾರೆ.